ಮಗಳಿಗೊಂದು ಪತ್ರ: 46 ಅರ್ಜಿಗಳ ಲೆಕ್ಕ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ಮೊನ್ನೆ ಶನಿವಾರ ತುಮಕೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ, ಕೊನೆಯ ವರ್ಷದ ಮೆಕ್ಯಾನಿಕಲ್ ವಿದ್ಯಾರ್ಥಿಗಳಿಗೆ ಕೆಲಸ ಹುಡುಕುವ ಕ್ರಮದ ಬಗ್ಗೆ ಮಾತನಾಡಲು ನನ್ನನ್ನು ಕರೆದಿದ್ದರು. ಪೀಣ್ಯದ ಟೂಲ್‌ರೂಮಿನಲ್ಲಿ 24 ವರ್ಷ ದುಡಿದು, ಅದರಲ್ಲಿ 11 ವರ್ಷ ಹೊಸಬರ ಸಂದರ್ಶನಕ್ಕೂ ಕುಳಿತವನು ಎಂಬುದಷ್ಟೇ ನನಗಿದ್ದ ಅರ್ಹತೆ. ನೀನೂ ಅದೇ ವಿಭಾಗದ ಎಂಟನೆಯ ಸೆಮಿಸ್ಟರಿನಲ್ಲಿ ಇರುವುದರಿಂದ ಅಲ್ಲಿ ಹೇಳಿದ್ದನ್ನೂ, ಸಮಯ ಸಾಲದೆ ಹೇಳದೆ ಉಳಿದದ್ದನ್ನೂ ನಿನಗೆ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ ನೀನು ‘ಹೂಂ’ ಎಂದು ಸುಮ್ಮನಾಗುತ್ತೀಯ ಎಂಬುದು ನನಗೆ ಗೊತ್ತು.

ಮಾತು ಶುರುವಾಗುವ ಮೊದಲೇ ಒಬ್ಬ ಹುಡುಗ ಎದ್ದು ನಿಂತು, “ಸರ್, 46 ಕಡೆ ಅಪ್ಲೈ ಮಾಡಿದ್ದೇನೆ, ಎಲ್ಲೂ ಆಗಲಿಲ್ಲ. ರೆಸ್ಯೂಮೆ ಸರಿಯಿಲ್ಲ ಅನ್ನಿಸಿ 1,500 ರೂಪಾಯಿ ಕೊಟ್ಟು ಬೇರೆಯವರಿಂದ ಬರೆಸಿದೆ, ಆಗಲೂ ಆಗಲಿಲ್ಲ” ಎಂದ. ನಾನು ಸಿದ್ಧಪಡಿಸಿಕೊಂಡು ಹೋಗಿದ್ದ ಭಾಷಣವನ್ನು ಪಕ್ಕಕ್ಕಿಟ್ಟು, ಅವನ ಫೋನಿನಲ್ಲಿದ್ದ ಮೇಲ್‌ಗಳನ್ನು ಒಂದೊಂದಾಗಿ ಓದಿಸಿ, ಬೋರ್ಡಿನ ಮೇಲೆ ಸಾಲಾಗಿ ಬರೆಸಿದೆ. ಕಂಪನಿ, ಹುದ್ದೆ, ಅರ್ಜಿ ಹಾಕಿದ ದಿನ, ಜಾಹೀರಾತು ಬಂದ ದಿನ, ಅವರು ಕೇಳಿದ್ದ ಅರ್ಹತೆ, ಈಗ ಯಾವ ಹಂತದಲ್ಲಿದೆ ಎಂಬ ಆರು ಕಲಮುಗಳು ಮಾತ್ರ. ಮುಕ್ಕಾಲು ಗಂಟೆ ಅದಕ್ಕೇ ಹೋಯಿತು. ಉಪನ್ಯಾಸಕರೊಬ್ಬರು ಗಡಿಯಾರ ನೋಡುತ್ತಲೇ ಇದ್ದರು.

ಆ ಹುಡುಗನಿಗೆ ಪಿಯುಸಿಯಲ್ಲಿ 56 ಶೇಕಡಾ ಇದೆ. ನಲವತ್ತಾರರಲ್ಲಿ 27 ಕಡೆ, ಒಂದೋ ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿ ಮೂರರಲ್ಲೂ 60 ಇರಬೇಕೆಂದು ಬರೆದಿತ್ತು, ಇಲ್ಲವೇ ಕಂಪ್ಯೂಟರ್ ಸೈನ್ಸ್ ವಿಭಾಗದವರನ್ನು ಮಾತ್ರ ಕೇಳಿತ್ತು. ಅಲ್ಲಿ ಅವನ ಅರ್ಜಿಯನ್ನು ಮನುಷ್ಯರು ತೆರೆದು ನೋಡಿರುವುದೂ ಅನುಮಾನ, ಏಕೆಂದರೆ ಅಂಥ ಷರತ್ತನ್ನು ಫಾರಂ ತುಂಬಿದ ಕ್ಷಣದಲ್ಲೇ ಗಣಕವೇ ಸೋಸಿಬಿಡುತ್ತದೆ. ಉಳಿದ 19ರಲ್ಲಿ 11 ಜಾಹೀರಾತುಗಳು, ಅವನು ಅರ್ಜಿ ಹಾಕುವ ವೇಳೆಗೆ ತಿಂಗಳು ದಾಟಿದ್ದವು. ಅಷ್ಟು ಹಳೆಯ ಹುದ್ದೆ ತುಂಬಿಹೋಗಿದ್ದರೂ ಪುಟವನ್ನು ತೆಗೆಯಲು ಯಾರಿಗೂ ನೆನಪಿರುವುದಿಲ್ಲ. ಹೀಗೆ ಕಳೆದು ನೋಡಿದಾಗ ನಿಜವಾಗಿ ಜೀವವಿದ್ದ ಅರ್ಜಿಗಳು ಎಂಟು. ಆ ಎಂಟರಲ್ಲಿ ಎರಡು ಕಡೆ ಅವನನ್ನು ಪರೀಕ್ಷೆಗೆ ಕರೆದಿದ್ದರು.

ಎಂಟಕ್ಕೆ ಎರಡು ಎಂಬುದು ಕೆಟ್ಟ ಲೆಕ್ಕವಲ್ಲ. ಎಂಟೇ ಅರ್ಜಿಗಳಿಂದ ರೆಸ್ಯೂಮೆಯ ಬಗ್ಗೆ ತೀರ್ಪು ಕೊಡುವುದು ಅವಸರವಾಗುತ್ತದೆ, ಅದಕ್ಕೆ ಇಂಥ ಹದಿನೈದಿಪ್ಪತ್ತಾದರೂ ಬೇಕು ಎಂಬುದು ನನ್ನ ಅಂದಾಜು. ಆದರೆ ಅವನು ಬಿದ್ದದ್ದು ಎಲ್ಲಿ ಎಂಬುದಂತೂ ಸ್ಪಷ್ಟವಾಗಿತ್ತು. ಎರಡೂ ಪರೀಕ್ಷೆಗಳಲ್ಲಿ ಮೊದಲ ಭಾಗದ ಲೆಕ್ಕಗಳಿಗೇ ಅಂಟಿಕೊಂಡು, ಕೊನೆಯ ಭಾಗವನ್ನು ತೆರೆದೂ ನೋಡಿರಲಿಲ್ಲವಂತೆ. ಅಂದರೆ 1,500 ರೂಪಾಯಿ ಹೋದದ್ದು ತಪ್ಪು ರೋಗಕ್ಕೆ ಕೊಂಡ ಔಷಧಿಗೆ. ದಿನಕ್ಕೊಂದು ಮಾದರಿ ಪರೀಕ್ಷೆಯನ್ನು ಗಡಿಯಾರ ಇಟ್ಟುಕೊಂಡು ಬರೆ, ಮೊದಲ ವಾರ ಎಷ್ಟು ಉತ್ತರ ಸರಿ ಎಂದು ಎಣಿಸಬೇಡ, ಎಷ್ಟು ಪ್ರಶ್ನೆಗಳನ್ನು ಓದಿ ನೋಡಲು ಸಾಧ್ಯವಾಯಿತು ಎಂದು ಮಾತ್ರ ಎಣಿಸು ಎಂದು ಹೇಳಿದೆ. ಎಲ್ಲವನ್ನೂ ಓದುವವನಿಗೆ ಸುಲಭವಾದದ್ದು ಯಾವುದೆಂದು ಆರಿಸಿಕೊಳ್ಳುವ ಅವಕಾಶವಾದರೂ ಇರುತ್ತದೆ.

ನೀನೂ ಆ ಆರು ಕಲಮುಗಳ ಪುಸ್ತಕವೊಂದನ್ನು ಇಡು. ಪರೀಕ್ಷೆಗೇ ಕರೆ ಬರುತ್ತಿಲ್ಲವಾದರೆ ಅರ್ಹತೆಯ ಕಲಮನ್ನೂ ದಿನಾಂಕವನ್ನೂ ಮೊದಲು ನೋಡು, ರೆಸ್ಯೂಮೆಯನ್ನು ಆಮೇಲೆ. ಸಂದರ್ಶನದವರೆಗೆ ಹೋಗಿ ನಿಲ್ಲುತ್ತಿದ್ದರೆ, ಆ ದಿನ ಸಂಜೆಯೇ ಅವರು ಕೇಳಿದ ಪ್ರಶ್ನೆಗಳನ್ನು ಬರೆದಿಡು. ಎರಡು ದಿನ ಕಳೆದರೆ ನೀನು ಕೊಟ್ಟ ಉತ್ತರ ನೆನಪಿನಲ್ಲಿ ತಾನೇ ಚಂದವಾಗಿಬಿಡುತ್ತದೆ. ಅರ್ಹತೆಯ ವಿಷಯದಲ್ಲಿ ಇನ್ನೊಂದು ಮಾತು: 59.6 ಅನ್ನು 60 ಎಂದು ಬರೆಯಬೇಡ. ಫಾರಂ ಒಪ್ಪಿಕೊಳ್ಳುತ್ತದೆ, ಸಂದರ್ಶನವೂ ಮುಗಿಯುತ್ತದೆ, ಕೊನೆಗೆ ಅಂಕಪಟ್ಟಿ ಪರಿಶೀಲಿಸುವ ದಿನ ಎಲ್ಲವೂ ರದ್ದಾಗುತ್ತದೆ. ಅಂಥ ಇಬ್ಬರನ್ನು ವಾಪಸು ಕಳಿಸಿದ ಕೋಣೆಯಲ್ಲಿ ನಾನೂ ಕುಳಿತಿದ್ದೆ.

ಇನ್ನು ಕ್ಯಾಂಪಸ್ಸಿಗೆ ಬಾರದ ಕಂಪನಿಗಳ ವಿಷಯ. ಒಂದೇ ಬಾರಿಗೆ ನೂರಾರು ಜನರನ್ನು ತೆಗೆದುಕೊಳ್ಳುವವರಿಗೆ ಒಂದು ದಿನ ಬಂದು ಪರೀಕ್ಷೆ ನಡೆಸುವುದು ಗಿಟ್ಟುತ್ತದೆ. ವರ್ಷಕ್ಕೆ ಇಬ್ಬರು ಬೇಕಾದ ಕಾರ್ಖಾನೆಗೆ ಗಿಟ್ಟುವುದಿಲ್ಲ. ನಮ್ಮಲ್ಲಿ ಕ್ವಾಲಿಟಿ ವಿಭಾಗದ ಹುಡುಗ ಬಿಟ್ಟುಹೋದಾಗಲೆಲ್ಲ ಜಾಹೀರಾತು ಕೊಟ್ಟದ್ದನ್ನು ನಾನು ಕಂಡಿಲ್ಲ. ಮ್ಯಾನೇಜರು ಡ್ರಾಯರಿನಿಂದ ನಾಲ್ಕಾರು ರೆಸ್ಯೂಮೆ ತೆಗೆದು, “ಇದರಲ್ಲಿ ಯಾರನ್ನಾದರೂ ಕರೆಯಿರಿ” ಎನ್ನುತ್ತಿದ್ದರು. ಆ ಡ್ರಾಯರಿನೊಳಗೆ ನಿನ್ನ ಹಾಳೆ ಇರಬೇಕು. ನೀನಿರುವ ಬೆಳಗಾವಿಯ ಉದ್ಯಮಬಾಗಿನಲ್ಲೇ ಫೌಂಡ್ರಿಗಳೂ ಮಶೀನ್ ಶಾಪ್‌ಗಳೂ ಸಾಲುಸಾಲಾಗಿವೆ. ಬಸ್ಸಿಗೆ ಹೋಗಿ ಬರುವಷ್ಟು ಹತ್ತಿರ. ದೂರದವುಗಳ ಹೆಸರು ಬೇಕಾದರೆ, ಬೆಂಗಳೂರಿನ ತುಮಕೂರು ರಸ್ತೆಯ ಪ್ರದರ್ಶನ ಕೇಂದ್ರದಲ್ಲಿ ಜನವರಿಯಲ್ಲಿ ನಡೆಯುವ ಇಮ್‌ಟೆಕ್ಸ್ ಮೇಳದಲ್ಲಿ ಮಳಿಗೆ ಹಾಕಿದವರ ಪಟ್ಟಿಯನ್ನು ಹುಡುಕಿ ತೆಗೆ. ಯಾರು ಯಾವ ಯಂತ್ರ ಮಾಡುತ್ತಾರೆ ಎಂಬುದು ಅದರಲ್ಲಿ ಸಿಗುತ್ತದೆ. ವಾರಕ್ಕೆ ಐದು ಕಾರ್ಖಾನೆಗಳಿಗಿಂತ ಹೆಚ್ಚು ಬೇಡ, ಏಕೆಂದರೆ ಪ್ರತಿಯೊಂದಕ್ಕೂ ಏಳೆಂಟು ದಿನ ಬಿಟ್ಟು ಒಮ್ಮೆ ಫೋನ್ ಮಾಡಬೇಕು, ಆ ದಿನಾಂಕವೂ ಪುಸ್ತಕದಲ್ಲಿರಬೇಕು. ಮಾತನಾಡುವಾಗ ಎರಡನೆಯ ಪಾಳಿ ಇದೆಯೇ, ಇದ್ದರೆ ಹೆಣ್ಣುಮಕ್ಕಳಿಗೆ ಗಾಡಿಯ ವ್ಯವಸ್ಥೆ ಏನು ಎಂದು ಸಂಕೋಚವಿಲ್ಲದೆ ಕೇಳು.

ಇಂಥವರಿಗೆ ಕಳಿಸುವ ಹಾಳೆಯಲ್ಲಿ ‘ಸಿಎನ್‌ಸಿ ತರಬೇತಿ ಪಡೆದಿದ್ದೇನೆ’ ಎಂಬ ಸಾಲನ್ನು ಹೊಡೆದುಹಾಕು. ಕಾಲೇಜಿನ ಲೇತಿನಲ್ಲಿ 25 ಮಿ.ಮೀ. ಶಾಫ್ಟನ್ನು 21 ಮೈಕ್ರಾನ್ ಟಾಲರೆನ್ಸಿನೊಳಗೆ ತಿರುವಿ, ಮೈಕ್ರೋಮೀಟರಿನಲ್ಲಿ ಅಳೆದು, ಹತ್ತರಲ್ಲಿ ಎಷ್ಟು ತುಂಡು ಮಿತಿಯೊಳಗೆ ಬಂದವು ಎಂದು ಬರೆ. ಏಳೇ ಬಂದಿದ್ದರೆ ಏಳು ಎಂದೇ ಬರೆ. ಉಳಿದ ಮೂರು ಏಕೆ ಕೆಟ್ಟವು ಎಂದು ನಾನಾಗಿದ್ದರೆ ಮೊದಲು ಕೇಳುತ್ತಿದ್ದೆ. ಟೂಲಿನ ಸವೆತವೋ, ಬಿಸಿ ಇದ್ದಾಗಲೇ ಅಳೆದದ್ದೋ ಎಂದು ಹೇಳಬಲ್ಲವರನ್ನು ಬಿಟ್ಟುಕೊಡುತ್ತಿರಲಿಲ್ಲ.

ಆಫರ್ ಲೆಟರ್ ಕೈಗೆ ಬಂದ ಮೇಲೂ ಪುಸ್ತಕದಲ್ಲಿ ಆ ಕಂಪನಿಯ ಸಾಲನ್ನು ‘ಮುಗಿಯಿತು’ ಎಂದು ಗುರುತು ಹಾಕಬೇಡ. ಸೇರುವ ದಿನಾಂಕ ಅದರಲ್ಲಿ ಇಲ್ಲದಿದ್ದರೆ ತಿಂಗಳುಗಟ್ಟಲೆ ಕಾಯಿಸಿದ ಉದಾಹರಣೆಗಳಿವೆ. ನಿಮ್ಮ ಕಾಲೇಜಿನಲ್ಲಿ ಒಂದು ಆಫರ್ ಒಪ್ಪಿದವರನ್ನು ಮುಂದಿನ ಕಂಪನಿಗಳಿಗೆ ಕಳಿಸುವುದಿಲ್ಲ ಎಂಬ ನಿಯಮ ಇದೆಯೇ ಎಂದು ಪ್ಲೇಸ್‌ಮೆಂಟ್ ಅಧಿಕಾರಿಯನ್ನು ಈಗಲೇ ಕೇಳಿಟ್ಟುಕೋ. ಸಹಿ ಹಾಕಿದ ಮೇಲೆ ಕೇಳುವುದಲ್ಲ. ಬಾಂಡ್ ಇದ್ದರೆ ಎಷ್ಟು ವರ್ಷ, ಬಿಟ್ಟರೆ ಎಷ್ಟು ಹಣ ಎಂಬ ಪುಟವನ್ನು ನನಗೆ ಕಳಿಸು. ತರಬೇತಿಗೋ ಲ್ಯಾಪ್‌ಟಾಪಿಗೋ ಮುಂಗಡ ಕೇಳಿದವರಿಗೆ ಉತ್ತರವನ್ನೇ ಕೊಡಬೇಡ.

ಯಾವುದೂ ಆಗದೆ ಜೂನ್ ಬಂದರೆ, ಫಲಿತಾಂಶದ ನಂತರ ಕೇಂದ್ರ ಸರ್ಕಾರದ ಅಪ್ರೆಂಟಿಸ್ ಯೋಜನೆಯ ಪೋರ್ಟಲ್‌ನಲ್ಲಿ ನೋಂದಾಯಿಸಬಹುದು. ಪದವೀಧರರಿಗೆ ಒಂದು ವರ್ಷದ ತರಬೇತಿ, ಸ್ಟೈಪೆಂಡ್ ಇರುತ್ತದೆ, ಆದರೆ ಮುಗಿದ ಮೇಲೆ ಅಲ್ಲೇ ಕೆಲಸ ಕೊಡಬೇಕೆಂಬ ಕಟ್ಟುಪಾಡು ಸಾಮಾನ್ಯವಾಗಿ ಇರುವುದಿಲ್ಲ.

ಮುಂದಿನ ಭಾನುವಾರದೊಳಗೆ ನೀನು ಈವರೆಗೆ ಹಾಕಿದ ಅರ್ಜಿಗಳನ್ನೆಲ್ಲ ಆ ಆರು ಕಲಮುಗಳಲ್ಲಿ ಬರೆದು, ಪುಟದ ಫೋಟೊ ಕಳಿಸು. ಅಕ್ಷರ ಹೇಗಿದ್ದರೂ ಪರವಾಗಿಲ್ಲ, ದಿನಾಂಕಗಳು ಸರಿಯಾಗಿರಲಿ. ಅಮ್ಮ ಚಟ್ನಿಪುಡಿಯನ್ನು ಬಸ್ಸಿಗೆ ಹಾಕಿದ್ದಾಳೆ, ಸೋಮವಾರ ಬೆಳಿಗ್ಗೆ ಹೋಗಿ ಇಳಿಸಿಕೋ.

ಇಂತಿ,
ನಿನ್ನ ಅಪ್ಪ