EV ದೀಪ, ಹೋಲ್ಡ್, ಸೊನ್ನೆ ಮೈಲಿ

ಬೇ ಏರಿಯಾ ಪ್ಲಗ್-ಇನ್ ಹೈಬ್ರಿಡ್ ಗೆಳೆಯರೇ, ಈ ವಾರ ಮೂವರು ಒಂದೇ ಪ್ರಶ್ನೆ ಕೇಳಿದರು: "EV ದೀಪ ಉರೀತಿದೆ, ಆದರೂ ಪೆಟ್ರೋಲ್ ಯಾಕೆ ಖರ್ಚಾಗ್ತಿದೆ?"

ಪ್ರಿಯಸ್ ಪ್ರೈಮ್‌ನಂಥ ಕಾರುಗಳಲ್ಲಿ EV ದೀಪ ಹೇಳುವುದು ಇಷ್ಟೇ: ಈ ಕ್ಷಣ ಎಂಜಿನ್ ನಿಂತಿದೆ. ನೀವು ಆರಿಸಿದ ಮೋಡ್ ಬೇರೆ ಕಡೆ ಕಾಣುತ್ತದೆ. ಎಂಜಿನ್, ಬ್ಯಾಟರಿ ಎರಡನ್ನೂ ಬಳಸುವ HV ಮೋಡ್‌ನಲ್ಲಿದ್ದರೂ ಸಿಗ್ನಲ್ ಹತ್ತಿರ ನಿಧಾನ ಮಾಡಿದರೆ ದೀಪ ಹತ್ತುತ್ತದೆ. ಮುಂದೆ ಹೊರಟು ಸ್ವಲ್ಪ ಜೋರಾಗಿ ತುಳಿದರೆ ಆರುತ್ತದೆ. ಹಾಗಾಗಿ ಮೊದಲು ಮೋಡ್ ನೋಡಿ, ಆಮೇಲೆ ದೀಪ.

ಇನ್ನು ಚಾರ್ಜ್ ಹೋಲ್ಡ್. ಅದು ಬ್ಯಾಟರಿ ತುಂಬಿಸುವ ಗುಂಡಿ ಅಲ್ಲ, ಇದ್ದದ್ದನ್ನು ಕಾಪಾಡುವುದು. ಕಳೆದ ತಿಂಗಳು ಸ್ಯಾಕ್ರಮೆಂಟೊಗೆ ಹೋಗುವಾಗ 60% ಇದ್ದಾಗ ಹೋಲ್ಡ್ ಒತ್ತಿದೆ. ಫ್ರೀವೇ ಮುಗಿಯುವಾಗಲೂ ಸುಮಾರು 60 ಇತ್ತು. ಪಕ್ಕದಲ್ಲಿದ್ದ ನಮ್ಮ ಮನೆಯವರು "ಕೆಟ್ಟಿದೆಯಾ?" ಅಂದರು! ಊರೊಳಗೆ ಮತ್ತೆ EV ಮೋಡ್ ಹಾಕಿದೆ. ಉಳಿಸಿದ್ದು ಅಲ್ಲಿ ಕೆಲಸಕ್ಕೆ ಬಂತು. ತುಂಬಿಸಲು ಕೆಲವು ಕಾರುಗಳಲ್ಲಿ ಬೇರೆ ಚಾರ್ಜ್ ಮೋಡ್ ಇದೆ, ಅದು ಪೆಟ್ರೋಲ್ ಸುಟ್ಟು ತುಂಬಿಸುತ್ತದೆ.

ಉಳಿದ EV ಮೈಲಿ ಸೊನ್ನೆ ಅಂತ ತೋರಿಸಿದರೂ ಗಾಬರಿ ಬೇಡ. ಪ್ಲಗ್‌ನಿಂದ ತುಂಬಿದ ಪಾಲು ಮುಗಿದಿದೆ ಅಷ್ಟೇ. ಹೈಬ್ರಿಡ್ ಓಟಕ್ಕೆ ಸ್ವಲ್ಪ ಉಳಿದಿರುತ್ತದೆ.