120 ಜನರನ್ನು ಕೇಳಿ ಶೇ 3ರ ದೋಷಮಿತಿ ಎಂದರೆ ಹೇಗೆ?

ಮಾನ್ಯ ಸಂಪಾದಕರೇ,

ಸಂತೆ ಬೀದಿಯನ್ನು ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಎಂಟರವರೆಗೆ ವಾಹನಮುಕ್ತಗೊಳಿಸಲು ‘ಶೇ 54ರಷ್ಟು ನಾಗರಿಕರ ಬೆಂಬಲ’ ಎಂಬ ವರದಿಯನ್ನು ತಮ್ಮ ಪತ್ರಿಕೆ ಮೊನ್ನೆ ಪ್ರಕಟಿಸಿತು. ಅದು ಪ್ರಕಟವಾದ ಮರುದಿನವೇ ಬೀದಿಯ ಎರಡೂ ತುದಿಗೆ ಕಬ್ಬಿಣದ ಬ್ಯಾರಿಕೇಡ್‌ಗಳು ಬಂದು ನಿಂತವು. ಎಂಬತ್ತೆರಡು ವರ್ಷದ ನನ್ನ ತಾಯಿಯನ್ನು ಮಂಡಿನೋವಿನ ಚಿಕಿತ್ಸೆಗೆ ವಾರಕ್ಕೆ ಮೂರು ದಿನ ಕರೆದೊಯ್ಯಬೇಕು. ಆಟೊ ಈಗ ಅಂಚೆ ಕಚೇರಿಯ ತಿರುವಿನಲ್ಲಿಯೇ ನಿಲ್ಲುವುದರಿಂದ, ನಿನ್ನೆ ಮಳೆಯಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಅವರ ತೋಳು ಹಿಡಿದು ನಾನೂರು ಮೀಟರ್ ನಡೆಸಿಕೊಂಡು ಹೋದೆ. ಚರಂಡಿಯ ಮೇಲಿನ ಸಡಿಲ ಚಪ್ಪಡಿಯ ಬಳಿ ಇಬ್ಬರೂ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಗ್ಯಾಸ್ ಸಿಲಿಂಡರ್ ತರುವ ಹುಡುಗ ಹೊತ್ತು ತರುವುದಕ್ಕೆ ಐವತ್ತು ರೂಪಾಯಿ ಹೆಚ್ಚು ಕೇಳುತ್ತಿದ್ದಾನೆ, ಅವನು ಕೇಳುವುದರಲ್ಲಿ ತಪ್ಪೂ ಇಲ್ಲ. ಬೀದಿಯ ನಿವಾಸಿಗಳಲ್ಲಿ ಹೆಚ್ಚಿನವರು ನಿಜವಾಗಿಯೂ ಇದನ್ನು ಬಯಸಿದ್ದರೆ ನಾನು ತಲೆಬಾಗುತ್ತಿದ್ದೆ. ಆದರೆ ಇಪ್ಪತ್ತಾರು ವರ್ಷ ಸಂಖ್ಯಾಶಾಸ್ತ್ರ ಕಲಿಸಿದ ನನಗೆ ವರದಿಯ ಕೊನೆಯ ಸಾಲು ಸಹಿಸಲಾಗಲಿಲ್ಲ: ‘120 ಜನರ ಸಮೀಕ್ಷೆ, ದೋಷಮಿತಿ ಶೇ 3.’

ಈ ಎರಡು ಸಂಖ್ಯೆಗಳು ಒಂದೇ ಸಾಲಿನಲ್ಲಿ ಇರಲು ಸಾಧ್ಯವೇ ಇಲ್ಲ. ದೋಷಮಿತಿ ಎಂದರೆ ಸಮೀಕ್ಷೆಯಲ್ಲಿ ಬಂದ ಪ್ರಮಾಣಕ್ಕಿಂತ ನಿಜವಾದ ಪ್ರಮಾಣ ಮೇಲಕ್ಕೋ ಕೆಳಕ್ಕೋ ಎಷ್ಟು ಸರಿದಿರಬಹುದು ಎಂಬ ಅಂದಾಜು. ಎಷ್ಟು ಜನರನ್ನು ಕೇಳಿದರೆ ಎಷ್ಟು ದೋಷಮಿತಿ ಸಿಗುತ್ತದೆ ಎಂಬುದು ಅಧಿಕಾರಿಗಳ ಇಷ್ಟಕ್ಕೆ ಬಿಟ್ಟ ವಿಷಯವಲ್ಲ. ಅದಕ್ಕೆ ಪದವಿ ತರಗತಿಯಲ್ಲಿ ಕಲಿಸುವ ಒಂದು ಸೂತ್ರವಿದೆ:

n = z² × p × (1 − p) ÷ e²

ಇಲ್ಲಿ n ಎಂದರೆ ಬೇಕಾದ ಮಾದರಿಯ ಗಾತ್ರ, e ಎಂದರೆ ನಾವು ಒಪ್ಪುವ ದೋಷಮಿತಿ, p ಎಂದರೆ ‘ಹೌದು’ ಎನ್ನುವವರ ಪ್ರಮಾಣ. ಇದೇ ಬಗೆಯ ಸಮೀಕ್ಷೆಯನ್ನು ನೂರು ಬಾರಿ ಮಾಡಿದರೆ ಸುಮಾರು ತೊಂಬತ್ತೈದು ಬಾರಿ ನಿಜವಾದ ಪ್ರಮಾಣವು ನಾವು ಹೇಳಿದ ಮಿತಿಯೊಳಗೆ ಬೀಳಬೇಕು ಎಂದು ಬಯಸಿದರೆ z ಬೆಲೆ 1.96. ಸಮೀಕ್ಷೆಗೆ ಮೊದಲು p ಎಷ್ಟೆಂದು ಗೊತ್ತಿರುವುದಿಲ್ಲ. ಹಾಗಾಗಿ ಅದನ್ನು ಅರ್ಧ ಎಂದು, ಅಂದರೆ 0.5 ಎಂದು ಇಟ್ಟುಕೊಳ್ಳುವುದು ವಾಡಿಕೆ. p × (1 − p) ಅತಿ ಹೆಚ್ಚಾಗುವುದು ಅಲ್ಲಿಯೇ, ಆದ್ದರಿಂದ ಲೆಕ್ಕ ಯಾವತ್ತೂ ಕಡಿಮೆ ಬೀಳುವುದಿಲ್ಲ. ಶೇ 3ರ ಮಿತಿ ಬೇಕಾದರೆ 1.96ರ ವರ್ಗ 3.8416ನ್ನು 0.25ರಿಂದ ಗುಣಿಸಿ 0.0009ರಿಂದ ಭಾಗಿಸಬೇಕು. ಬರುವುದು 1,067.1, ಮನುಷ್ಯನ ಹತ್ತನೇ ಒಂದು ಭಾಗವನ್ನು ಕೇಳಲಾಗದ ಕಾರಣ ಮೇಲಕ್ಕೆ ಏರಿಸಿ 1,068.

ಈಗ ಅದೇ ಲೆಕ್ಕವನ್ನು ತಿರುಗಿಸಿ ನೋಡೋಣ. 120 ಜನರಲ್ಲಿ 65 ಮಂದಿ ‘ಹೌದು’ ಎಂದಿದ್ದಾರೆ, ಅದೇ ಶೇ 54. 0.54ನ್ನು 0.46ರಿಂದ ಗುಣಿಸಿ, 120ರಿಂದ ಭಾಗಿಸಿ, ವರ್ಗಮೂಲ ತೆಗೆದರೆ 0.0455. ಅದನ್ನು 1.96ರಿಂದ ಗುಣಿಸಿದರೆ ದೋಷಮಿತಿ 0.089, ಎಂದರೆ ಹತ್ತಿರಹತ್ತಿರ ಶೇ 9. ಬೆಂಬಲ ಶೇ 63ರಷ್ಟೂ ಇರಬಹುದು, ಶೇ 45ರಷ್ಟೂ ಇರಬಹುದು. ಬಹುಮತ ಯಾವ ಕಡೆಗಿದೆ ಎಂದೇ ಹೇಳಲಾರದ ಸಮೀಕ್ಷೆಯನ್ನು ಬಹುಮತದ ಪುರಾವೆ ಎಂದು ಅಚ್ಚು ಹಾಕಿ, ಅದರ ಆಧಾರದ ಮೇಲೆ ಬೀದಿ ಮುಚ್ಚಲಾಗಿದೆ.

ಇದನ್ನು ಹೇಳಲು ನಾನು ಸಮೀಕ್ಷೆ ನಡೆಸಿದ ಕಚೇರಿಗೇ ಹೋಗಿದ್ದೆ. ಮುಕ್ಕಾಲು ಗಂಟೆ ಬೆಂಚಿನ ಮೇಲೆ ಕೂರಿಸಿದ ಬಳಿಕ ಒಳಗೆ ಕರೆದ ಅಧಿಕಾರಿ, “ಮೇಷ್ಟ್ರೇ, ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಲದೇ? ನಾವು 120 ಅಗುಳು ಹಿಸುಕಿದ್ದೇವೆ” ಎಂದರು. ಆ ಗಾದೆ ನಿಜ. ಆದರೆ ಅದು ಏಕೆ ನಿಜ ಎಂಬುದನ್ನು ಅವರು ಯೋಚಿಸಿಲ್ಲ. ಒಂದೇ ಪಾತ್ರೆಯ ಒಂದೇ ನೀರಿನಲ್ಲಿ ಕುದ್ದ ಅಗುಳುಗಳೆಲ್ಲ ಒಂದೇ ಹದದಲ್ಲಿರುತ್ತವೆ. ಸೂತ್ರದ ಭಾಷೆಯಲ್ಲಿ p ಎಂಬುದು ಒಂದು ಅಥವಾ ಸೊನ್ನೆ. ಆಗ p × (1 − p) ಸೊನ್ನೆಯಾಗಿ, ಒಂದೇ ಅಗುಳು ಸಾಕಾಗುತ್ತದೆ. ಸಂತೆ ಬೀದಿಯ ಅಂಗಡಿಯವರು, ಮನೆಯವರು, ಬಾಡಿಗೆಗೆ ಇರುವ ವಿದ್ಯಾರ್ಥಿಗಳು ಒಂದೇ ನೀರಿನಲ್ಲಿ ಬೆಂದವರಲ್ಲ. ಅಭಿಪ್ರಾಯ ಅರ್ಧಕ್ಕರ್ಧ ಒಡೆದಿರುವ ಕಡೆಯೇ ಅತಿ ಹೆಚ್ಚು ಅಗುಳುಗಳನ್ನು ಹಿಸುಕಿ ನೋಡಬೇಕಾಗುತ್ತದೆ.

ಅವರ ಇನ್ನೊಂದು ವಾದ, ಇಡೀ ರಾಜ್ಯದ ಚುನಾವಣಾ ಸಮೀಕ್ಷೆಗಳನ್ನೇ ಒಂದೆರಡು ಸಾವಿರ ಜನರಲ್ಲಿ ಮುಗಿಸುವಾಗ ಒಂದು ವಾರ್ಡಿಗೆ ನೂರಿಪ್ಪತ್ತು ಧಾರಾಳ ಎಂಬುದು. ಬಹಳ ಓದಿದವರೂ ಎಡವುವುದು ಇಲ್ಲಿಯೇ. ಮೇಲಿನ ಸೂತ್ರದಲ್ಲಿ ಊರಿನ ಜನಸಂಖ್ಯೆ ಎಲ್ಲಿಯೂ ಇಲ್ಲವೆಂಬುದನ್ನು ಗಮನಿಸಬೇಕು. ಆರು ಕೋಟಿ ಜನರಿದ್ದರೂ ಆರು ಲಕ್ಷವಿದ್ದರೂ ಶೇ 3ರ ಮಿತಿಗೆ ಬೇಕಾಗುವುದು ಹೆಚ್ಚುಕಡಿಮೆ ಅಷ್ಟೇ ಜನ. ಸಮಷ್ಟಿ ತೀರ ಚಿಕ್ಕದಿದ್ದಾಗ ಮಾತ್ರ ಒಂದು ತಿದ್ದುಪಡಿ ಉಂಟು: n − 1ನ್ನು ಒಟ್ಟು ಜನಸಂಖ್ಯೆಯಿಂದ ಭಾಗಿಸಿ, ಒಂದು ಕೂಡಿಸಿ, ಬಂದದ್ದರಿಂದ nಅನ್ನು ಭಾಗಿಸಬೇಕು. ನಮ್ಮ ವಾರ್ಡಿನಲ್ಲಿ 7,200 ಮತದಾರರು ಎಂದಿಟ್ಟುಕೊಂಡರೆ 1,068 ಇಳಿಯುವುದು ಸುಮಾರು 930ಕ್ಕೆ. ರಾಜ್ಯದಿಂದ ವಾರ್ಡಿಗೆ ಇಳಿದರೂ ಉಳಿತಾಯವಾಗುವುದು ನೂರೈವತ್ತು ಜನರೂ ಅಲ್ಲ. ಶೇ 5ರ ಸಡಿಲ ಮಿತಿ ಸಾಕೆಂದರೂ ಸುಮಾರು 365 ಮಂದಿ ಬೇಕು. ಅವರು ಕೇಳಿದ್ದು ಅದರ ಮೂರನೇ ಒಂದು ಭಾಗವನ್ನು.

ಹಾಗಾದರೆ ಯಾವ ಮಿತಿ ಸಾಕು? ಇದು ಏನನ್ನು ತೀರ್ಮಾನಿಸಬೇಕು ಎಂಬುದರ ಮೇಲೆ ನಿಂತಿದೆ, ಮತ್ತು ಲೆಕ್ಕ ಹಾಕುವ ಮೊದಲೇ ಕೂತು ಯೋಚಿಸಬೇಕಾದ ಪ್ರಶ್ನೆ ಇದೊಂದೇ. ಬೆಂಬಲ ಶೇ 80 ಇದ್ದಿದ್ದರೆ ಶೇ 9ರ ಮಿತಿಯೂ ಬಹುಮತವನ್ನು ಅಲುಗಾಡಿಸುತ್ತಿರಲಿಲ್ಲ. ಆದರೆ ಪ್ರಮಾಣ 54ರ ಆಸುಪಾಸಿನಲ್ಲಿದ್ದರೆ, 50ರಿಂದ ಅದನ್ನು ಬೇರ್ಪಡಿಸಲು ಮಿತಿ ಶೇ 4ಕ್ಕಿಂತ ಕಡಿಮೆಯೇ ಇರಬೇಕು. ಆದ್ದರಿಂದಲೇ ದೊಡ್ಡ ಸಮೀಕ್ಷೆಗೆ ಮೊದಲು ಒಂದು ಸಣ್ಣ ಪೂರ್ವಭಾವಿ ಸಮೀಕ್ಷೆ ಮಾಡಿ, ಅದರಿಂದ ದೊರೆತ ಅಂದಾಜಿನ ಮೇಲೆ ನಿಜವಾದ ಗಾತ್ರವನ್ನು ನಿಗದಿಪಡಿಸುವ ಪದ್ಧತಿಯನ್ನು ನಮ್ಮ ದೇಶದ ಹೆಸರಾಂತ ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ಅವರು ಬಂಗಾಳದ ಸೆಣಬು ಬೆಳೆಯ ಸಮೀಕ್ಷೆಗಳಲ್ಲಿಯೇ ಬಳಸಿದ್ದರು. ಒಂದು ಎಚ್ಚರ: ಮಿತಿಯನ್ನು ಅರ್ಧಕ್ಕೆ ಇಳಿಸಬೇಕಾದರೆ ಮಾದರಿಯನ್ನು ಇಮ್ಮಡಿ ಮಾಡಿದರೆ ಸಾಲದು, ನಾಲ್ಕು ಪಟ್ಟು ಮಾಡಬೇಕು. ಸೂತ್ರದಲ್ಲಿ e ವರ್ಗವಾಗಿರುವುದರ ಫಲ ಇದು. ‘ಇನ್ನೊಂದು ನೂರು ಜನರನ್ನು ಕೇಳಿ ಸರಿಮಾಡುತ್ತೇವೆ’ ಎಂದು ಅಧಿಕಾರಿಗಳು ಹೇಳಿದ್ದು ಈ ಕಾರಣಕ್ಕೇ ನಿಷ್ಪ್ರಯೋಜಕ. ಆ ನೂರರಿಂದ ಮಿತಿ ಶೇ 9ರಿಂದ ಸುಮಾರು ಶೇ 6.6ಕ್ಕೆ ಬರುತ್ತದೆ, ಅಷ್ಟೇ.

ಇಷ್ಟೆಲ್ಲ ಲೆಕ್ಕ ಅನ್ವಯವಾಗುವುದು ಜನರನ್ನು ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ ಎಲ್ಲರಿಗೂ ಸಮಾನ ಅವಕಾಶವಿರುವ ಹಾಗೆ, ಆರಿಸಿದಾಗ ಮಾತ್ರ. ಈ ಸಮೀಕ್ಷೆ ನಡೆದ ಮಂಗಳವಾರ ನಾನು ಬಸ್ ನಿಲ್ದಾಣದಲ್ಲಿಯೇ ಇದ್ದೆ. ಕುತ್ತಿಗೆಗೆ ಗುರುತಿನ ಚೀಟಿ ಹಾಕಿಕೊಂಡ ಇಬ್ಬರು ಹುಡುಗರು ರಟ್ಟಿನ ಪ್ಯಾಡ್ ಹಿಡಿದು, ಹನ್ನೊಂದರಿಂದ ಒಂದು ಗಂಟೆಯವರೆಗೆ, ಬಸ್ಸಿನಿಂದ ಇಳಿದವರನ್ನು ಕೇಳುತ್ತಿದ್ದರು. ಅರ್ಧ ಹಾಳೆಯಲ್ಲಿ ಮುದ್ರಿಸಿದ್ದ ಪ್ರಶ್ನೆ ಹೀಗಿತ್ತು: ‘ಸಂಚಾರ ದಟ್ಟಣೆ ತಪ್ಪಿಸಲು ಸಂತೆ ಬೀದಿಯನ್ನು ವಾಹನಮುಕ್ತಗೊಳಿಸುವುದನ್ನು ಬೆಂಬಲಿಸುವಿರಾ?’ ದಟ್ಟಣೆ ಬೇಕು ಎನ್ನುವವರು ಯಾರಿದ್ದಾರೆ? ನನ್ನ ಮುಂದಿದ್ದವರು ಪಕ್ಕದ ತಾಲ್ಲೂಕಿನಿಂದ ಮದುವೆ ಬಟ್ಟೆಗೆಂದು ಬಂದವರು. ಅವರ ‘ಹೌದು’ ಕೂಡ ಆ 65ರಲ್ಲಿ ಸೇರಿದೆ. ಮನೆ ಬಿಟ್ಟು ಒಬ್ಬರೇ ಹೊರಬರಲಾರದ ನನ್ನ ತಾಯಿಯಂಥವರು ಆ ಪ್ಯಾಡಿನ ಮುಂದೆ ಎಂದೂ ನಿಲ್ಲುವಂತಿಲ್ಲ. ಹೀಗೆ ಕೇಳಿದರೆ 120 ಅಲ್ಲ, 12,000 ಜನರನ್ನು ಕೇಳಿದರೂ ತಪ್ಪು ಹೋಗುವುದಿಲ್ಲ, ಏಕೆಂದರೆ ದೋಷಮಿತಿಯ ಸೂತ್ರವು ಆಯ್ಕೆಯ ಆಕಸ್ಮಿಕವನ್ನು ಅಳೆಯುತ್ತದೆಯೇ ಹೊರತು ಆಯ್ಕೆಯ ವಾಲುವಿಕೆಯನ್ನಲ್ಲ. 1936ರಲ್ಲಿ ಅಮೆರಿಕದ ಒಂದು ಪತ್ರಿಕೆ ಅಂಚೆಯಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು ಅಧ್ಯಕ್ಷೀಯ ಚುನಾವಣೆಯಲ್ಲಿ ಲ್ಯಾಂಡನ್ ಗೆಲ್ಲುತ್ತಾರೆಂದು ಸಾರಿತು. ಗೆದ್ದದ್ದು ರೂಸ್‌ವೆಲ್ಟ್, ಅದೂ ಭಾರಿ ಅಂತರದಲ್ಲಿ.

ಇದು ಮೊದಲ ಸಲವೂ ಅಲ್ಲ. ಎರಡು ವರ್ಷದ ಹಿಂದೆ ಕುಡಿಯುವ ನೀರಿನ ಬಗ್ಗೆ ‘ಶೇ 90 ಜನ ತೃಪ್ತರು’ ಎಂದು ಇದೇ ಕಚೇರಿ ಘೋಷಿಸಿದಾಗ ಕೇಳಿದ್ದು ನಲವತ್ತು ಮನೆಗಳನ್ನು, ಮತ್ತು ಆ ನಲವತ್ತೂ ನೀರಿನ ಟ್ಯಾಂಕಿನ ಪಕ್ಕದ ಎರಡು ಅಡ್ಡರಸ್ತೆಗಳಲ್ಲಿದ್ದವು. ಅಕ್ಕಪಕ್ಕದ ಮನೆಗಳಿಗೆ ಒಂದೇ ಕೊಳವೆಯ ನೀರು ಬರುವುದರಿಂದ ಅವುಗಳ ಉತ್ತರವೂ ಒಂದೇ ಆಗಿರುತ್ತದೆ, ನಲವತ್ತು ಉತ್ತರಗಳ ತೂಕ ನಾಲ್ಕೈದು ಉತ್ತರಗಳಷ್ಟೇ ಆಗಿಬಿಡುತ್ತದೆ. ಮಾಹಿತಿ ಹಕ್ಕಿನಡಿ ಮಾದರಿಯನ್ನು ಆರಿಸಿದ ವಿಧಾನ ಕೇಳಿದ್ದಕ್ಕೆ ‘ಕಚೇರಿಯಲ್ಲಿ ಲಭ್ಯವಿಲ್ಲ’ ಎಂಬ ಒಂದು ಸಾಲು ಬಂತು. ಕೆಳಗಿನ ಬೀದಿಯವರು ಈಗಲೂ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ನೀರು ಹಿಡಿಯುತ್ತಾರೆ.

ಸರಿಯಾಗಿ ಮಾಡುವುದು ಅಸಾಧ್ಯವೇನಲ್ಲ. ಮತದಾರರ ಪಟ್ಟಿಯ ಕ್ರಮಸಂಖ್ಯೆಗಳಿಂದ ಯಾದೃಚ್ಛಿಕವಾಗಿ ಹೆಸರುಗಳನ್ನು ತೆಗೆಯಬೇಕು. ಹತ್ತರಲ್ಲಿ ಆರು ಮಂದಿಯಷ್ಟೇ ಸಿಕ್ಕಿ ಉತ್ತರಿಸುತ್ತಾರೆಂದು ಎಣಿಸಿದರೆ, 930ನ್ನು 0.6ರಿಂದ ಭಾಗಿಸಿ 1,550 ಹೆಸರು ತೆಗೆಯಬೇಕಾಗುತ್ತದೆ. ಬಾಗಿಲು ಹಾಕಿದ್ದ ಮನೆಗೆ ಸಂಜೆ, ಭಾನುವಾರ ಮತ್ತೆ ಹೋಗಬೇಕು; ಸಿಗದವರ ಬದಲು ಪಕ್ಕದ ಮನೆಯವರನ್ನು ಕೇಳಿದರೆ ಹಗಲು ಮನೆಯಲ್ಲಿರುವವರ ಅಭಿಪ್ರಾಯವಷ್ಟೇ ಉಳಿಯುತ್ತದೆ. ಪಟ್ಟಿಯಲ್ಲಿ ತೀರಿಕೊಂಡವರೂ ಊರು ಬಿಟ್ಟವರೂ ಇರುತ್ತಾರೆ, ಹೊಸದಾಗಿ ಬಂದ ಬಾಡಿಗೆದಾರರು ಇರುವುದಿಲ್ಲ. ಆ ಕೊರತೆಯನ್ನು ವರದಿಯಲ್ಲಿ ಬಾಯಿಬಿಟ್ಟು ಹೇಳಬೇಕು. ದಿನಕ್ಕೆ ಇಪ್ಪತ್ತೈದು ಮನೆಯಂತೆ ಆರು ವಿದ್ಯಾರ್ಥಿಗಳು ಮೊದಲ ಸುತ್ತನ್ನು ಹತ್ತು ಹನ್ನೊಂದು ದಿನದಲ್ಲಿ ಮುಗಿಸಬಹುದು. ಅವರಿಗೆ ತರಬೇತಿ ಕೊಡಲು ನಾನು ಹಣ ಕೇಳುವುದಿಲ್ಲ.

ಆದ್ದರಿಂದ ಸಮೀಕ್ಷೆಯನ್ನು ಹೊಸದಾಗಿ ಮಾಡಬೇಕು, ಅಲ್ಲಿಯವರೆಗೆ ಬ್ಯಾರಿಕೇಡ್‌ಗಳನ್ನು ತೆಗೆಯಬೇಕು, ಅಥವಾ ಕನಿಷ್ಠ ರೋಗಿಗಳ ವಾಹನಗಳನ್ನಾದರೂ ಬಿಡಬೇಕು. ತಾವೂ ಇಂಥ ವರದಿ ಅಚ್ಚು ಹಾಕುವ ಮೊದಲು ಎಷ್ಟು ಜನರನ್ನು, ಎಲ್ಲಿ, ಹೇಗೆ ಆರಿಸಿ ಕೇಳಿದರು ಎಂದು ವಿಚಾರಿಸಬೇಕು. ಶೇ 3 ಎಂದು ಬರೆದುಕೊಟ್ಟವರು ಅದನ್ನು ಯಾವ ಲೆಕ್ಕದಿಂದ ತಂದರೆಂದು ಜನರ ಮುಂದೆ ಬಂದು ತೋರಿಸಲಿ. ಅದಾಗದಿದ್ದರೆ, ನಾಳೆ ಬೆಳಿಗ್ಗೆ ಹತ್ತಕ್ಕೆ ಅಂಚೆ ಕಚೇರಿಯ ತಿರುವಿಗೆ ಬಂದು ನನ್ನ ತಾಯಿಯ ಇನ್ನೊಂದು ತೋಳನ್ನು ಹಿಡಿಯಲಿ.

ಇಂತಿ,
ನಿವೃತ್ತ ಸಂಖ್ಯಾಶಾಸ್ತ್ರ ಉಪನ್ಯಾಸಕ,
ಸಂತೆ ಬೀದಿ