60:40 ಮತ್ತೆ ಸರಿ ಮಾಡುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ದುಡ್ಡಲ್ಲಿ 60% ಷೇರಿಗೆ, 40% ಎಫ್‌ಡಿಯಂಥ ಭದ್ರ ಕಡೆಗೆ ಅಂತ ಇಟ್ಕೊಂಡವರು ಮಾರ್ಕೆಟ್ ಏರಿದಾಗ ಯಾಕೆ ಮಾರಬೇಕು ಅಂತ ನಿನ್ನೆ ಕೇಳಿದ್ರಲ್ಲ, ಒಂದು ಲೆಕ್ಕ ಹಾಕಿ ತೋರಿಸ್ತೀನಿ.

10 ಲಕ್ಷದಲ್ಲಿ 6 ಲಕ್ಷ ಷೇರಿನ ಇಂಡೆಕ್ಸ್ ಫಂಡ್, 4 ಲಕ್ಷ ಎಫ್‌ಡಿ ಅಂದ್ಕೊಳ್ಳಿ. ಷೇರು ಮೂರನೇ ಒಂದು ಭಾಗ ಬಿತ್ತು. ಈಗ 4 ಮತ್ತು 4. ಒಟ್ಟು 8 ಲಕ್ಷದ 60% ಅಂದ್ರೆ 4.8 ಲಕ್ಷ, ಹಾಗಾಗಿ ಎಫ್‌ಡಿಯಿಂದ 80,000 ತೆಗೆದು ಫಂಡಿಗೆ ಹಾಕಬೇಕು. ಎಲ್ಲರೂ ಓಡಿಹೋಗೋ ಹೊತ್ತಲ್ಲಿ ನೀವು ಕೊಳ್ತಿದ್ದೀರಿ, ಅದೂ ಧೈರ್ಯದಿಂದಲ್ಲ, ಬರೀ ಭಾಗಾಕಾರದಿಂದ. ಷೇರು ಹಳೇ ಬೆಲೆಗೆ ಬಂದಾಗ ಆ 4.8 ಲಕ್ಷ 7.2 ಆಗುತ್ತೆ. ಉಳಿದ 3.2 ಸೇರಿಸಿದ್ರೆ 10.4 ಲಕ್ಷ. ಬಡ್ಡಿ ಲೆಕ್ಕಕ್ಕೆ ಹಿಡಿದಿಲ್ಲ. ಸುಮ್ಮನೆ ಕೂತಿದ್ರೆ ಬರೀ 10. ಈಗ ಷೇರು 69% ಆಗಿರೋದ್ರಿಂದ 96,000 ಮಾರಿ ಎಫ್‌ಡಿಗೆ ವಾಪಸ್.

2020ರ ಮಾರ್ಚ್ 23ಕ್ಕೆ ನಿಫ್ಟಿ 7,610ಕ್ಕೆ ಇಳಿದಿತ್ತು, ನವೆಂಬರಿಗೆ ಜನವರಿಯ ಮಟ್ಟ ದಾಟಿತ್ತು. ಯಾವಾಗಲೂ ಇಷ್ಟು ಬೇಗ ಏಳಲ್ಲ. ಬೀಳ್ತಾನೇ ಹೋದ್ರೆ ಹೊಸದಾಗಿ ಹಾಕಿದ್ದೂ ಕರಗುತ್ತೆ. ವರ್ಷಗಟ್ಟಲೆ ಏರ್ತಾನೇ ಇದ್ರೆ, ಮಾರಿದವರಿಗೆ ಲಾಭ ಕಮ್ಮಿ.

ನಾನು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ನೋಡ್ತೀನಿ. ಷೇರಿನ ಪಾಲು 55ರಿಂದ 65%ರೊಳಗಿದ್ರೆ ಮುಟ್ಟಲ್ಲ. ಮಾರಿದ್ರೆ ತೆರಿಗೆ ಬರುತ್ತಲ್ಲ, ಅದಕ್ಕೆ ಮೊದಲು ಹೊಸ ಎಸ್‌ಐಪಿ ದುಡ್ಡನ್ನ ಕಮ್ಮಿ ಇರೋ ಕಡೆ ತಿರುಗಿಸಿ. ಪಿಎಫ್ ದುಡ್ಡನ್ನೂ 40ರ ಕಡೆಗೇ ಸೇರಿಸ್ಕೊಳ್ಳಿ, ಸುಮಾರು ಜನ ಅದನ್ನ ಮರೀತಾರೆ.